ಪತ್ರಗಳು ದುಪ್ಪಟ್ಟಾದವು, ಖಜಾನೆ ಸೊರಗಿತು

ಇಂಗ್ಲಿಷ್ ಕವಿ ಕೋಲ್ರಿಜ್ ಹೆಸರಿನಲ್ಲಿ ಒಂದು ಕತೆ ಇದೆ. ಇಂಗ್ಲೆಂಡಿನ ಸರೋವರ ಸೀಮೆಯಲ್ಲಿ ಆತ ನಡೆದು ಹೋಗುತ್ತಿದ್ದಾಗ ಒಂದು ಮನೆಯ ಬಾಗಿಲಲ್ಲಿ ಅಂಚೆಯವನು ನಿಂತಿದ್ದ. ಕೈಯಲ್ಲಿ ಪತ್ರ, ಕೊಡಬೇಕಾದ ಹಣ ಒಂದು ಶಿಲಿಂಗ್. ಮನೆಯ ಹೆಂಗಸು ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನಲ್ಲಿ ಅಷ್ಟು ದುಡ್ಡಿಲ್ಲ ಎಂದು ಹಿಂದಕ್ಕೆ ಕೊಟ್ಟಳು. ಮರುಕಪಟ್ಟ ಕವಿ ತಾನೇ ಶಿಲಿಂಗ್ ಕೊಟ್ಟು ಪತ್ರ ಬಿಡಿಸಿಕೊಟ್ಟ. ಅಂಚೆಯವನು ಮರೆಯಾದ ಮೇಲೆ ಆಕೆ ಅದನ್ನು ಬಿಚ್ಚಿ ತೋರಿಸಿದರೆ ಒಳಗೆ ಒಂದಕ್ಷರವೂ ಇರಲಿಲ್ಲ. ಬರೆದವನು ಅವಳ ಸೋದರ. ಮೂರು ತಿಂಗಳಿಗೊಮ್ಮೆ ಖಾಲಿ ಹಾಳೆ ಕಳಿಸುವುದು, ಬಂದರೆ ಅವನು ಸುಖವಾಗಿದ್ದಾನೆಂದು ತಿಳಿಯುವುದು, ದುಡ್ಡು ಮಾತ್ರ ಕೊಡದಿರುವುದು: ಇದು ಇಬ್ಬರೂ ಮಾಡಿಕೊಂಡಿದ್ದ ಏರ್ಪಾಡು.

ಕತೆ ಹಲವು ರೂಪಗಳಲ್ಲಿ ಓಡಾಡಿದೆ. ಕೆಲವರು ಕೋಲ್ರಿಜ್ ಜಾಗದಲ್ಲಿ ರೋಲೆಂಡ್ ಹಿಲ್‌ನನ್ನೇ ನಿಲ್ಲಿಸಿಬಿಡುತ್ತಾರೆ. ಯಾರದ್ದಾದರೂ ಇರಲಿ, ಆ ಕಾಲದ ಅಂಚೆಯ ಸ್ಥಿತಿಯನ್ನು ಅದು ಸರಿಯಾಗಿ ಹೇಳುತ್ತದೆ. 1839ರವರೆಗೆ ಬ್ರಿಟನ್ನಿನಲ್ಲಿ ಅಂಚೆ ದರವನ್ನು ಲೆಕ್ಕ ಹಾಕುತ್ತಿದ್ದುದು ದೂರದ ಮೇಲೆ ಮತ್ತು ಹಾಳೆಗಳ ಎಣಿಕೆಯ ಮೇಲೆ. ಹದಿನೈದು ಮೈಲಿಯೊಳಗಿನ ಒಂದು ಹಾಳೆಗೆ ನಾಲ್ಕು ಪೆನ್ನಿ. ಲಂಡನ್ನಿನಿಂದ ಎಡಿನ್‌ಬರೋಗೆ ಒಂದು ಶಿಲಿಂಗಿಗೂ ಮೇಲೆ, ಅಂದರೆ ಹನ್ನೆರಡು ಪೆನ್ನಿ ದಾಟಿ. ಎರಡು ಹಾಳೆಯಾದರೆ ಅದರ ಎರಡರಷ್ಟು. ಲಕೋಟೆಯೂ ಒಂದು ಹಾಳೆಯೆಂದೇ ಎಣಿಕೆ, ಹಾಗಾಗಿ ಜನ ಲಕೋಟೆ ಬಳಸುತ್ತಿರಲಿಲ್ಲ. ಅಡ್ಡಡ್ಡ ಬರೆದು ತುಂಬಿದ ಹಾಳೆಯನ್ನೇ ತಿರುಗಿಸಿ, ಬರೆದುದರ ಮೇಲೆಯೇ ಉದ್ದುದ್ದಕ್ಕೆ ಇನ್ನೊಂದು ಸಲ ಬರೆಯುತ್ತಿದ್ದರು. ಹಣ ಕೊಡಬೇಕಾದವರು ಸಾಮಾನ್ಯವಾಗಿ ಪತ್ರ ಪಡೆದವರು.

ಹಿಲ್ ಅಂಚೆ ಇಲಾಖೆಯವನಲ್ಲ, ಶಾಲೆ ನಡೆಸಿದ್ದವನು. 1837ರಲ್ಲಿ ಆತ ಒಂದು ಕಿರುಹೊತ್ತಗೆ ಬರೆದ. ಅದರಲ್ಲಿದ್ದ ಒಂದು ಲೆಕ್ಕ ಎಲ್ಲರನ್ನೂ ಬೆಚ್ಚಿಬೀಳಿಸಿತು. ಲಂಡನ್ನಿನಿಂದ ಎಡಿನ್‌ಬರೋಗೆ ಒಂದು ಪತ್ರವನ್ನು ಗಾಡಿಯಲ್ಲಿ ಸಾಗಿಸಲು ನಿಜವಾಗಿ ತಗಲುವ ಖರ್ಚು ಒಂದು ಪೆನ್ನಿಯ ಮೂವತ್ತಾರನೇ ಒಂದು ಪಾಲು ಮಾತ್ರ! ಉಳಿದ ಖರ್ಚೆಲ್ಲ ಪ್ರತಿ ಪತ್ರಕ್ಕೂ ದರ ಕಟ್ಟುವುದು, ಬರೆದಿಡುವುದು, ಬಾಗಿಲಲ್ಲಿ ನಿಂತು ವಸೂಲಿ ಮಾಡುವುದು, ಇವುಗಳದ್ದು. ಹಾಗಿದ್ದರೆ ದೂರದ ಲೆಕ್ಕ ಬಿಡಿ, ಅರ್ಧ ಔನ್ಸಿನೊಳಗಿನ ಪತ್ರ ದೇಶದ ಯಾವ ಮೂಲೆಗೆ ಹೋದರೂ ಒಂದೇ ಪೆನ್ನಿ ಎನ್ನಿ, ಆ ಪೆನ್ನಿಯನ್ನು ಕಳಿಸುವವನಿಂದಲೇ ಮೊದಲು ವಸೂಲಿ ಮಾಡಿ ಎಂದ.

ಆಗ ಎದ್ದ ಪ್ರಶ್ನೆಯೇ ಇವತ್ತಿನ ಈ ಬರಹದ ವಿಷಯ. ಹಿಲ್‌ನ ಅಂದಾಜಿನಲ್ಲಿ ಆಗಿನ ಸರಾಸರಿ ದರ ಆರೂಕಾಲು ಪೆನ್ನಿ. ಅದನ್ನು ಒಂದಕ್ಕೆ ಇಳಿಸಿದರೆ ಖಜಾನೆಯ ಗತಿಯೇನು? ಅಂಚೆ ಆಗ ಸೇವೆಯಷ್ಟೇ ಆಗಿರಲಿಲ್ಲ, ಸರ್ಕಾರಕ್ಕೆ ವರ್ಷಕ್ಕೆ ಹದಿನಾರು ಲಕ್ಷ ಪೌಂಡ್ ನಿವ್ವಳ ತರುತ್ತಿದ್ದ ತೆರಿಗೆಯೂ ಆಗಿತ್ತು. ಹಿಲ್‌ನ ಉತ್ತರ: ದರ ಇಳಿದರೆ ಪತ್ರಗಳು ಐದಾರು ಪಟ್ಟು ಹೆಚ್ಚುತ್ತವೆ, ಹುಟ್ಟುವಳಿ ಹೆಚ್ಚೇನೂ ಕುಸಿಯುವುದಿಲ್ಲ.

ಇದನ್ನೇ ಇಂದು ನಮ್ಮ ಪಿಯುಸಿ ಪುಸ್ತಕಗಳು 'ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ' ಎನ್ನುತ್ತವೆ. ಬಾಯಿತುಂಬ ಕಡಲೆಹಿಟ್ಟು ಇಟ್ಟುಕೊಂಡು ಹೇಳಬೇಕಾದಂಥ ಪದ. ನಾನು ಎಲಾಸ್ಟಿಸಿಟಿ ಎಂದೇ ಬರೆಯುತ್ತೇನೆ. ಬೆಲೆಯನ್ನು ಶೇಕಡಾ ಇಷ್ಟು ಎಳೆದರೆ ಬೇಡಿಕೆ ಶೇಕಡಾ ಎಷ್ಟು ಹಿಗ್ಗುತ್ತದೆ ಎಂಬ ಅಳತೆ ಅದು. ಬೇಡಿಕೆಯ ಶೇಕಡಾ ಬದಲಾವಣೆಯನ್ನು ಬೆಲೆಯ ಶೇಕಡಾ ಬದಲಾವಣೆಯಿಂದ ಭಾಗಿಸಿದರೆ ಬರುವ ಸಂಖ್ಯೆ. ಬೆಲೆ ಇಳಿದಾಗ ಬೇಡಿಕೆ ಏರುವುದರಿಂದ ಉತ್ತರಕ್ಕೆ ಋಣ ಚಿಹ್ನೆ ಬರುತ್ತದೆ, ರೂಢಿಯಲ್ಲಿ ಅದನ್ನು ಬಿಟ್ಟು ಓದುತ್ತೇವೆ. ಉತ್ತರ ಒಂದಕ್ಕಿಂತ ಹೆಚ್ಚಾದರೆ ಬೇಡಿಕೆ ಎಲಾಸ್ಟಿಕ್, ಕಡಿಮೆಯಾದರೆ ಇನೆಲಾಸ್ಟಿಕ್. ಹಿಲ್‌ನ ಕಾಲಕ್ಕೆ ಈ ಹೆಸರೇ ಹುಟ್ಟಿರಲಿಲ್ಲ. ಆಲ್‌ಫ್ರೆಡ್ ಮಾರ್ಷಲ್ ತನ್ನ ಅರ್ಥಶಾಸ್ತ್ರದ ದೊಡ್ಡ ಗ್ರಂಥದಲ್ಲಿ ಅದನ್ನು ನೆಲೆಗೊಳಿಸಿದ್ದು 1890ರಲ್ಲಿ, ಪೆನ್ನಿ ಅಂಚೆ ಬಂದು ಐವತ್ತು ವರ್ಷವಾದ ಮೇಲೆ. ಹೆಸರಿಲ್ಲದಿದ್ದರೂ ಪಾರ್ಲಿಮೆಂಟು ಜಗಳವಾಡುತ್ತಿದ್ದುದು ಈ ಸಂಖ್ಯೆಯ ಬಗೆಗೇ. ವಿಚಾರಣೆಗೆ ಕೂತಿದ್ದ ಸಮಿತಿ ಪೆನ್ನಿ ತೀರಾ ಕಡಿಮೆಯಾಯಿತೆಂದು ಎರಡು ಪೆನ್ನಿಯನ್ನು ಶಿಫಾರಸು ಮಾಡಿತು. ಆದರೆ ವ್ಯಾಪಾರಿಗಳೂ ಜನರೂ ಅರ್ಜಿಗಳ ಮೇಲೆ ಅರ್ಜಿ ಹಾಕಿದರು. 1839ರ ಡಿಸೆಂಬರ್ 5ರಂದು ಎಲ್ಲೆಡೆ ನಾಲ್ಕು ಪೆನ್ನಿಯ ದರ ಬಂತು, 1840ರ ಜನವರಿ 10ರಂದು ಒಂದು ಪೆನ್ನಿ. ಮೇ ತಿಂಗಳಲ್ಲಿ ರಾಣಿ ವಿಕ್ಟೋರಿಯಾಳ ಮುಖದ ಕಪ್ಪು ಅಂಚೆಚೀಟಿ ಬಂತು. ಪಾರ್ಲಿಮೆಂಟ್ ಸದಸ್ಯರಿಗಿದ್ದ ಬಿಟ್ಟಿ ಪತ್ರದ ಸವಲತ್ತೂ ಹೋಯಿತು.

ಈಗ ಫಲಿತಾಂಶ. 1839ರಲ್ಲಿ ದರ ಕೊಟ್ಟು ಹೋದ ಪತ್ರಗಳು ಸುಮಾರು 7.6 ಕೋಟಿ. 1840ರಲ್ಲಿ 16.9 ಕೋಟಿ. ಒಂದೇ ವರ್ಷದಲ್ಲಿ ದುಪ್ಪಟ್ಟಿಗೂ ಮಿಕ್ಕಿ. ಪೆನ್ನಿ ಅಂಚೆಯ ಕತೆ ಹೇಳುವ ಹೆಚ್ಚಿನ ಬರಹಗಳು ಇಲ್ಲಿಗೆ ಚಪ್ಪಾಳೆ ತಟ್ಟಿ ಮುಗಿಸುತ್ತವೆ. ನಾವು ಹಣದ ಪುಸ್ತಕವನ್ನೂ ತೆರೆಯೋಣ. ಅಂಚೆಯ ಒಟ್ಟು ಹುಟ್ಟುವಳಿ 1839ರಲ್ಲಿ 23.9 ಲಕ್ಷ ಪೌಂಡ್ ಇದ್ದದ್ದು 1840ರಲ್ಲಿ 13.6 ಲಕ್ಷಕ್ಕೆ ಇಳಿಯಿತು.

ಎಲಾಸ್ಟಿಸಿಟಿ ಲೆಕ್ಕಕ್ಕೆ ಬೆಲೆ ಬೇಕು. ಆದರೆ ಯಾವ ಬೆಲೆ? ಹಳೆಯ ದರಪಟ್ಟಿಯಲ್ಲಿ ಹತ್ತಾರು ದರಗಳಿದ್ದವು. ಹೊಸದರಲ್ಲೂ ಎಲ್ಲ ಪತ್ರಕ್ಕೂ ಒಂದೇ ಪೆನ್ನಿ ಬೀಳುತ್ತಿರಲಿಲ್ಲ. ತೂಕ ಮೀರಿದರೆ ಹೆಚ್ಚು, ಮೊದಲೇ ಹಣ ಕಟ್ಟದಿದ್ದರೆ ಎರಡು ಪೆನ್ನಿ, ಪರದೇಶದ ಪತ್ರಕ್ಕೆ ಬೇರೆಯೇ ದರ. ಇಂಥಲ್ಲಿ ನೇರವಾದ ದಾರಿ ಎಂದರೆ ಒಟ್ಟು ಹುಟ್ಟುವಳಿಯನ್ನು ಪತ್ರಗಳ ಸಂಖ್ಯೆಯಿಂದ ಭಾಗಿಸುವುದು. ಒಂದು ಪೌಂಡಿಗೆ 240 ಪೆನ್ನಿ. ಹಾಗೆ ಭಾಗಿಸಿದರೆ 1839ರಲ್ಲಿ ಪತ್ರವೊಂದಕ್ಕೆ ಸರಾಸರಿ ಸುಮಾರು 7.5 ಪೆನ್ನಿ, 1840ರಲ್ಲಿ 1.9 ಪೆನ್ನಿ ಬರುತ್ತದೆ. ಹಿಲ್ ಹೇಳಿದ ಆರೂಕಾಲಕ್ಕಿಂತ ಇದು ಹೆಚ್ಚು ಏಕೆಂದರೆ ಅವನದು ಒಳನಾಡಿನ ಪತ್ರಗಳ ಅಂದಾಜು, ನಮ್ಮದು ಎಲ್ಲವನ್ನೂ ಒಳಗೊಂಡದ್ದು. 1839ರ ಕೊನೆಯ ಕೆಲವು ವಾರ ನಾಲ್ಕು ಪೆನ್ನಿಯ ದರವಿತ್ತು ಎಂಬುದೂ ಈ ಸರಾಸರಿಯಲ್ಲಿ ಸೇರಿಹೋಗಿದೆ. ನಮ್ಮ ಕೆಲಸಕ್ಕೆ ಇಷ್ಟು ನಿಖರತೆ ಸಾಕು.

ಮೊದಲು ಶಾಲೆಯ ಹುಡುಗ ಮಾಡುವ ಹಾಗೆ, ಹಳೆಯ ಸಂಖ್ಯೆಯ ಮೇಲೆ ಶೇಕಡಾ ಹಾಕೋಣ. ಪತ್ರಗಳು 7.6ರಿಂದ 16.9 ಕೋಟಿಗೆ ಏರಿದವು, ಏರಿಕೆ 9.3 ಕೋಟಿ, ಅಂದರೆ ಶೇಕಡಾ 122. ಬೆಲೆ 7.5ರಿಂದ 1.9ಕ್ಕೆ ಇಳಿಯಿತು, ಇಳಿಕೆ 5.6 ಪೆನ್ನಿ, ಅಂದರೆ ಶೇಕಡಾ 75. 122ನ್ನು 75ರಿಂದ ಭಾಗಿಸಿದರೆ 1.6. ಒಂದಕ್ಕಿಂತ ಹೆಚ್ಚು, ಆದ್ದರಿಂದ ಬೇಡಿಕೆ ಎಲಾಸ್ಟಿಕ್. ಬೇಡಿಕೆ ಎಲಾಸ್ಟಿಕ್ ಆಗಿದ್ದರೆ ಬೆಲೆ ಇಳಿಸಿದಾಗ ಒಟ್ಟು ಹುಟ್ಟುವಳಿ ಏರಬೇಕು ಎಂದು ಪುಸ್ತಕ ಹೇಳುತ್ತದೆ. ಇಲ್ಲಿ ಹುಟ್ಟುವಳಿ ಹತ್ತು ಲಕ್ಷ ಪೌಂಡ್ ಬಿದ್ದುಹೋಗಿದೆ! ಪುಸ್ತಕ ತಪ್ಪೋ, ಲೆಕ್ಕ ತಪ್ಪೋ?

ಪೆನ್ನಿ ಅಂಚೆ ಸೋತು, ಮರುವರ್ಷ ಸರ್ಕಾರ ಹಳೆಯ ದರಕ್ಕೇ ಮರಳಿತು, ಪತ್ರಗಳೂ ಹಿಂದಿನಷ್ಟೇ ಆದವು ಎಂದು ಸುಮ್ಮನೆ ಊಹಿಸಿಕೊಂಡು ಅದೇ ಲೆಕ್ಕ ಮಾಡಿ ನೋಡಿ. ಈಗ ಬೆಲೆ 1.9ರಿಂದ 7.5ಕ್ಕೆ ಏರುತ್ತದೆ, ಶೇಕಡಾ 295. ಪತ್ರಗಳು 16.9ರಿಂದ 7.6ಕ್ಕೆ ಇಳಿಯುತ್ತವೆ, ಶೇಕಡಾ 55. ಭಾಗಿಸಿದರೆ 0.19. ಅದೇ ಜನ, ಅದೇ ಎರಡು ಬೆಲೆ, ಅದೇ ಪತ್ರಗಳು, ಇಳಿಯುವಾಗ 1.6, ಹತ್ತುವಾಗ 0.19. ಬೆಟ್ಟದ ಎತ್ತರ ಹತ್ತುವವನಿಗೊಂದು ಇಳಿಯುವವನಿಗೊಂದು ಇರಬಾರದಲ್ಲ?

ತೊಡಕು ಇರುವುದು ಶೇಕಡಾವಾರಿಯ ಬುಡದಲ್ಲಿ. ನೂರನ್ನು ಐವತ್ತಕ್ಕೆ ಇಳಿಸಿದರೆ ಶೇಕಡಾ ಐವತ್ತು, ಐವತ್ತನ್ನು ನೂರಕ್ಕೆ ಏರಿಸಿದರೆ ಶೇಕಡಾ ನೂರು. ಬೆಲೆ ಎರಡೋ ಮೂರೋ ಶೇಕಡಾ ಅಲುಗಿದಾಗ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ನಾಲ್ಕನೇ ಒಂದು ಪಾಲಿಗೆ ಇಳಿದಾಗ ಅದೇ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಆದ್ದರಿಂದ ದೊಡ್ಡ ಬದಲಾವಣೆಗಳಿಗೆ ಶೇಕಡಾವನ್ನು ಹಳೆಯದರ ಮೇಲೂ ಅಲ್ಲ, ಹೊಸದರ ಮೇಲೂ ಅಲ್ಲ, ಎರಡರ ಸರಾಸರಿಯ ಮೇಲೆ ಹಾಕುತ್ತಾರೆ. ಇದಕ್ಕೆ ಮಧ್ಯಬಿಂದು ವಿಧಾನ ಎಂದು ಹೆಸರು.

ಮಾಡಿ ನೋಡೋಣ. ಪತ್ರಗಳ ಸರಾಸರಿ, 7.6 ಮತ್ತು 16.9ರ ನಡುವೆ, 12.25 ಕೋಟಿ. ಏರಿಕೆ 9.3 ಕೋಟಿ ಅದರ ಶೇಕಡಾ 76. ಬೆಲೆಗಳ ಸರಾಸರಿ 4.7 ಪೆನ್ನಿ. ಇಳಿಕೆ 5.6 ಪೆನ್ನಿ ಅದರ ಶೇಕಡಾ 119. 76ನ್ನು 119ರಿಂದ ಭಾಗಿಸಿದರೆ 0.64. ಹತ್ತಿದರೂ ಇಳಿದರೂ ಇದೇ ಉತ್ತರ. ಒಂದಕ್ಕಿಂತ ಕಡಿಮೆ, ಅಂದರೆ ಇನೆಲಾಸ್ಟಿಕ್. ಬೆಲೆ ಇಳಿದಾಗ ಹುಟ್ಟುವಳಿ ಬೀಳಲೇಬೇಕು, ಬಿದ್ದಿದೆ. ಪುಸ್ತಕದ ತಪ್ಪಿಲ್ಲ.

ಈ ವಿಧಾನಕ್ಕೆ ಒಂದು ಅಚ್ಚುಕಟ್ಟಾದ ಗುಣವಿದೆ. ಎರಡು ಬೆಲೆಗಳಲ್ಲೂ ಒಟ್ಟು ಹುಟ್ಟುವಳಿ ಸಮವಾಗಿದ್ದರೆ ಮಧ್ಯಬಿಂದುವಿನ ಉತ್ತರ ಸರಿಯಾಗಿ ಒಂದೇ ಬರುತ್ತದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಹಾಗಾಗಿ ಯಾರಾದರೂ ಎಲಾಸ್ಟಿಸಿಟಿ ಎಂದು ಒಂದು ಸಂಖ್ಯೆ ಹೇಳಿದಾಗ, ಮೊದಲು ಎರಡೂ ಕಡೆಯ ಬೆಲೆ ಗುಣಿಸು ಸಂಖ್ಯೆಯನ್ನು ನೋಡಿಕೊಳ್ಳಿ. ಬೆಲೆ ಇಳಿದಾಗ ಗುಣಲಬ್ಧವೂ ಇಳಿದಿದ್ದು ಅವರ ಸಂಖ್ಯೆ ಒಂದನ್ನು ಮೀರಿದ್ದರೆ, ಶೇಕಡಾ ಹಾಕಿದ ಬುಡ ತಪ್ಪಿದೆ ಎಂದರ್ಥ.

ಹುಟ್ಟುವಳಿ ಏಕೆ ಬಿತ್ತು ಎಂಬುದನ್ನು ಅಂಗಡಿಯವನ ಲೆಕ್ಕದಲ್ಲಿ ನೋಡಿದರೆ ಇನ್ನೂ ಸ್ಪಷ್ಟ. ಬೆಲೆ ಇಳಿಸಿದಾಗ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಹೊಸ ಗಿರಾಕಿಗಳು ಬರುತ್ತಾರೆ, ಅದು ಲಾಭ. ಹಳೆಯ ಬೆಲೆಗೂ ಕೊಳ್ಳುತ್ತಿದ್ದವರೂ ಈಗ ಕಡಿಮೆ ಕೊಡುತ್ತಾರೆ, ಅದು ನಷ್ಟ. 1840ರಲ್ಲಿ ಹೊಸದಾಗಿ ಬಂದ 9.3 ಕೋಟಿ ಪತ್ರಗಳು ತಲಾ 1.9 ಪೆನ್ನಿ ತಂದವು, ಒಟ್ಟು 17.7 ಕೋಟಿ ಪೆನ್ನಿ. ಹೇಗಿದ್ದರೂ ಬರುತ್ತಿದ್ದ 7.6 ಕೋಟಿ ಪತ್ರಗಳ ಮೇಲೆ ತಲಾ 5.6 ಪೆನ್ನಿ ಹೋಯಿತು, ಒಟ್ಟು 42.6 ಕೋಟಿ ಪೆನ್ನಿ. ವ್ಯತ್ಯಾಸ ಸುಮಾರು 25 ಕೋಟಿ ಪೆನ್ನಿ, ಹತ್ತು ಲಕ್ಷ ಪೌಂಡಿಗೂ ಸ್ವಲ್ಪ ಮೇಲೆ. ಖಜಾನೆಯ ಪುಸ್ತಕದಲ್ಲಿ ಕಂಡ ನಷ್ಟವೂ ಅಷ್ಟೇ. ಎಲಾಸ್ಟಿಕ್, ಇನೆಲಾಸ್ಟಿಕ್ ಎಂಬ ಮಾತು ಕೊನೆಗೆ ಕೇಳುವುದು ಇದನ್ನೇ: ಈ ಎರಡು ರಾಶಿಗಳಲ್ಲಿ ಯಾವುದು ದೊಡ್ಡದು?

ಹಿಲ್ ಎಡವಿದ್ದು ಇಲ್ಲಿ. ಆರೂಕಾಲನ್ನು ಒಂದಕ್ಕಿಳಿಸಿ ಹುಟ್ಟುವಳಿ ಉಳಿಯಬೇಕಾದರೆ ಪತ್ರಗಳು ಆರೂಕಾಲು ಪಟ್ಟಾಗಬೇಕು ಎಂಬ ಗುಣಾಕಾರ ಅವನಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಹಳೆಯ ಗಿರಾಕಿಗಳು ಎಂಥವರು ಎಂಬುದು. ದುಬಾರಿ ಅಂಚೆಯನ್ನು ಬಿಡದೆ ಬಳಸುತ್ತಿದ್ದವರಲ್ಲಿ ವ್ಯಾಪಾರಿಗಳು, ವಕೀಲರು, ಬ್ಯಾಂಕಿನವರು ದೊಡ್ಡ ಪಾಲು. ಸರಕಿನ ಬೆಲೆ ತಿಳಿಸುವ ಪತ್ರಕ್ಕೆ ಶಿಲಿಂಗ್ ಬಿದ್ದರೂ ಅವರು ಕೊಡುತ್ತಿದ್ದರು. ಪೆನ್ನಿಯಾಯಿತೆಂದು ಒಂದು ವ್ಯವಹಾರಕ್ಕೆ ಆರು ಪತ್ರ ಬರೆಯುವವರಲ್ಲ. ಅವರ ಬೇಡಿಕೆ ಹಿಗ್ಗಲಿಲ್ಲ, ಅವರ ಜೇಬಿನಲ್ಲಿ ದುಡ್ಡು ಮಾತ್ರ ಉಳಿಯಿತು. ಖಾಲಿ ಹಾಳೆ ತರಿಸಿಕೊಳ್ಳುತ್ತಿದ್ದ ಹೆಂಗಸಿನಂಥವರ ಬೇಡಿಕೆಯೇ ಬೇರೆ. ಒಂದು ಶಿಲಿಂಗ್ ಅವರ ಸಂಸಾರಕ್ಕೆ ದೊಡ್ಡ ಮೊತ್ತ, ಮೇಲಾಗಿ ಅಂಚೆಗೆ ಬದಲಿ ದಾರಿಗಳೂ ಇದ್ದವು. ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುವುದು, ಸಾಮಾನಿನ ಗಂಟಿನಲ್ಲಿ ಪತ್ರ ತುರುಕುವುದು, ಅಂಚೆಯಲ್ಲಿ ಅಗ್ಗವಾಗಿ ಹೋಗುತ್ತಿದ್ದ ಪತ್ರಿಕೆಯ ಅಕ್ಷರಗಳ ಕೆಳಗೆ ಚುಕ್ಕಿಯಿಟ್ಟು ಸುದ್ದಿ ತಿಳಿಸುವುದು. ಬದಲಿ ಇದ್ದಲ್ಲಿ, ಖರ್ಚು ಆದಾಯದ ದೊಡ್ಡ ತುಂಡಾಗಿದ್ದಲ್ಲಿ ಬೇಡಿಕೆ ಹೆಚ್ಚು ಎಲಾಸ್ಟಿಕ್. 0.64 ಎಂಬುದು ಈ ಎರಡೂ ಬಗೆಯ ಜನರನ್ನು ಒಂದೇ ಪಾತ್ರೆಗೆ ಹಾಕಿ ಕುದಿಸಿದಾಗ ಬಂದ ರುಚಿ.

ಕದ್ದುಮುಚ್ಚಿ ಹೋಗುತ್ತಿದ್ದ ಪತ್ರಗಳು 1840ರಲ್ಲಿ ಅಂಚೆಗೆ ಬಂದುಬಿಟ್ಟವಲ್ಲ, ಅವನ್ನು ಹೊಸ ಬೇಡಿಕೆ ಎನ್ನಬಹುದೇ ಎಂದು ಕೇಳಬಹುದು. ಜನ ಬರೆದ ಒಟ್ಟು ಪತ್ರಗಳ ಲೆಕ್ಕ ಬೇಕಿದ್ದರೆ ಎನ್ನಬಾರದು. ಅಂಚೆ ಇಲಾಖೆಯ ಹುಟ್ಟುವಳಿಯ ಲೆಕ್ಕಕ್ಕೆ ಎನ್ನಲೇಬೇಕು, ಇಲಾಖೆಗೆ ಬಂದ ಗಿರಾಕಿ ಎಲ್ಲಿಂದ ಬಂದರೂ ಗಿರಾಕಿಯೇ. ಯಾರ ಎಲಾಸ್ಟಿಸಿಟಿ ಅಳೆಯುತ್ತಿದ್ದೇವೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಇಂಥಲ್ಲಿ ಜಾರುವುದು ಸುಲಭ.

ಹಿಲ್‌ಗೆ ನ್ಯಾಯ ಸಲ್ಲಿಸಲು ಇನ್ನೊಂದು ಅಂಕಿ ಹೇಳಬೇಕು. ಪತ್ರಗಳು ದುಪ್ಪಟ್ಟಾದರೂ ಇಲಾಖೆಯ ಖರ್ಚು 7.6 ಲಕ್ಷ ಪೌಂಡಿನಿಂದ 8.6 ಲಕ್ಷಕ್ಕೆ ಮಾತ್ರ ಏರಿತು. ಹೆಚ್ಚುವರಿ ಪತ್ರವೊಂದಕ್ಕೆ ಬಿದ್ದ ಖರ್ಚು ಸುಮಾರು ಕಾಲು ಪೆನ್ನಿ. ಅದು ತಂದದ್ದು 1.9 ಪೆನ್ನಿ. ಅಂದರೆ ಒಂದೊಂದು ಹೊಸ ಪತ್ರದಲ್ಲೂ ಇಲಾಖೆಗೆ ಲಾಭವೇ ಆಯಿತು. ಖರ್ಚಿನ ಬಗೆಗೆ ಹಿಲ್ ಹೇಳಿದ್ದು ನಿಜ, ಬೇಡಿಕೆಯ ಬಗೆಗೆ ಹೇಳಿದ್ದು ನಿಜವಾಗಲಿಲ್ಲ. ಹಳೆಯ ಪತ್ರಗಳ ಮೇಲಿನ ನಷ್ಟ ಆ ಲಾಭವನ್ನೆಲ್ಲ ನುಂಗಿತು, ನಿವ್ವಳ ಆದಾಯ 16.3 ಲಕ್ಷ ಪೌಂಡಿನಿಂದ 5 ಲಕ್ಷಕ್ಕೆ ಕುಸಿಯಿತು. ಬೇಡಿಕೆ ಇನೆಲಾಸ್ಟಿಕ್ ಆಗಿದ್ದಾಗ ಹಣವೊಂದನ್ನೇ ನೋಡುವವನು ಬೆಲೆ ಇಳಿಸುವುದಿಲ್ಲ, ಏರಿಸುತ್ತಾನೆ. ಹುಟ್ಟುವಳಿಯೂ ಏರುತ್ತದೆ, ಸಾಗಿಸಬೇಕಾದ ಸರಕೂ ಕಡಿಮೆಯಾಗುತ್ತದೆ.

ಇಲ್ಲಿ ಒಂದು ಎಚ್ಚರ. 0.64 ಎನ್ನುವುದು 7.5ರಿಂದ 1.9ರವರೆಗಿನ ಇಡೀ ಇಳಿಜಾರಿನ ಒಟ್ಟಾರೆ ಅಳತೆ. ದಾರಿಯ ಪ್ರತಿ ಮೆಟ್ಟಿಲಿಗೂ ಅದೇ ಇರಬೇಕೆಂದಿಲ್ಲ. ಬೆಲೆ ತುಂಬ ಹೆಚ್ಚಿದ್ದಾಗ ಸ್ವಲ್ಪ ಇಳಿಸಿದರೆ ಜನ ಮುಗಿಬೀಳುವುದು, ಆಗಲೇ ಅಗ್ಗವಾಗಿರುವುದನ್ನು ಇನ್ನೂ ಇಳಿಸಿದರೆ ಹೆಚ್ಚೇನೂ ಆಗದಿರುವುದು ಸಾಮಾನ್ಯ. ಆರಕ್ಕೋ ಐದಕ್ಕೋ ಇಳಿಸಿ ನಿಂತಿದ್ದರೆ ಹುಟ್ಟುವಳಿ ಏರಿಯೂ ಇರಬಹುದಿತ್ತು. ಎರಡು ವರ್ಷಗಳ ಎರಡು ಬಿಂದುಗಳಿಂದ ಅದನ್ನು ಹೇಳಲು ಬರುವುದಿಲ್ಲ. ನಡುವಿನ ನಾಲ್ಕು ಪೆನ್ನಿಯ ಪ್ರಯೋಗ ಐದು ವಾರವಷ್ಟೇ ನಡೆಯಿತು. ಇನ್ನು ಕೆಲವೇ ದಿನಕ್ಕೆ ಪೆನ್ನಿಯಾಗುತ್ತದೆಂದು ಗೊತ್ತಿದ್ದವನು ಇವತ್ತೇ ಏಕೆ ಪತ್ರ ಹಾಕುತ್ತಾನೆ?

ಇನ್ನೊಂದು ಎಚ್ಚರ ಕಾಲದ್ದು. ಪತ್ರ ಬರೆಯುವುದು ಅಭ್ಯಾಸ, ಅಭ್ಯಾಸ ಒಂದು ವರ್ಷದಲ್ಲಿ ಹುಟ್ಟುವುದಿಲ್ಲ. 1850ರ ಹೊತ್ತಿಗೆ ಪತ್ರಗಳು 34.7 ಕೋಟಿಯಾದವು, ಮರುವರ್ಷ ಒಟ್ಟು ಹುಟ್ಟುವಳಿ 1839ರ ಮಟ್ಟವನ್ನು ದಾಟಿತು. ಹುಟ್ಟುವಳಿ ಸಮವಾದರೆ ಮಧ್ಯಬಿಂದು ಲೆಕ್ಕ ಒಂದನ್ನು ಕೊಡುತ್ತದೆ ಎಂದೆವಲ್ಲ, ಹಾಗಾಗಿ ಹನ್ನೆರಡು ವರ್ಷದ ಎಲಾಸ್ಟಿಸಿಟಿ ಒಂದಕ್ಕೆ ಬಂತು ಎಂದುಬಿಡುವ ಆಸೆಯಾಗುತ್ತದೆ. ಹಿಲ್‌ನ ಅಭಿಮಾನಿಗಳು ಹಾಗೆ ವಾದಿಸಬಹುದು. ನಾನು ಪೂರ್ತಿ ಒಪ್ಪಲಾರೆ. ಆ ಹನ್ನೆರಡು ವರ್ಷಗಳಲ್ಲಿ ಜನಸಂಖ್ಯೆ ಬೆಳೆಯಿತು, ರೈಲುಹಾದಿ ದೇಶವಿಡೀ ಹರಡಿತು, ಓದುಬರಹ ಬಲ್ಲವರು ಹೆಚ್ಚಿದರು. ದರ ಇಳಿಯದೇ ಇದ್ದಿದ್ದರೂ ಪತ್ರಗಳು ಒಂದಿಷ್ಟು ಹೆಚ್ಚುತ್ತಲೇ ಇದ್ದವು. ಎಲಾಸ್ಟಿಸಿಟಿ ಎಂದರೆ ಬೇರೆಲ್ಲ ಇದ್ದಲ್ಲೇ ಇದ್ದು ಬೆಲೆಯೊಂದೇ ಬದಲಾದಾಗಿನ ಅಳತೆ. ವರ್ಷಗಳು ಕಳೆದಷ್ಟೂ ಅಭ್ಯಾಸ ಬೆಳೆಯುತ್ತದೆ, ಆದ್ದರಿಂದ ನಿಜವಾದ ಉತ್ತರ ತಿಳಿಯಲು ಕಾಯಬೇಕು. ಕಾದಷ್ಟೂ ಬೇರೆ ಕಾರಣಗಳು ಬೆರೆಯುತ್ತವೆ, ಆದ್ದರಿಂದ ಕಾಯಲೂಬಾರದು.

ಖಜಾನೆ ಕಾಯುವ ಮನಸ್ಸಿನಲ್ಲಿರಲಿಲ್ಲ. ಸರ್ಕಾರದ ಬಜೆಟ್ಟು ಕೊರತೆಯಲ್ಲಿತ್ತು. 1842ರಲ್ಲಿ ಪ್ರಧಾನಿ ಪೀಲ್ ಆದಾಯ ತೆರಿಗೆಯನ್ನು ಮತ್ತೆ ತಂದ, ಅದೇ ವರ್ಷ ಹಿಲ್‌ನ ನೌಕರಿ ಹೋಯಿತು. ಆತ ಅಂಚೆಗೆ ಮರಳಿದ್ದು ಸರ್ಕಾರ ಬದಲಾದ ಮೇಲೆ, 1846ರಲ್ಲಿ. ನಿವ್ವಳ ಆದಾಯ ಹಳೆಯ ಮಟ್ಟ ಮುಟ್ಟಲು ಎರಡು ದಶಕಕ್ಕೂ ಮೇಲೆ ಹಿಡಿಯಿತು. ಆದರೂ ದರವನ್ನು ಯಾರೂ ಹಿಂದಕ್ಕೆ ಏರಿಸಲಿಲ್ಲ. ಹದಿನಾರು ಕೋಟಿ ಪತ್ರ ಬರೆದವರ ಕೈಯಿಂದ ಪೆನ್ನಿ ಅಂಚೆಯನ್ನು ಕಿತ್ತುಕೊಳ್ಳುವ ಧೈರ್ಯ ಯಾವ ಮಂತ್ರಿಗೆ ಬರಬೇಕು?

ಈ ಏರ್ಪಾಡು ನಮ್ಮಲ್ಲಿಗೂ ಬಂತು. 1854ರ ಅಕ್ಟೋಬರಿನಿಂದ ಬ್ರಿಟಿಷ್ ಇಂಡಿಯಾದಲ್ಲಿ ಕಾಲು ತೊಲದೊಳಗಿನ ಪತ್ರ ಎಷ್ಟೇ ದೂರ ಹೋದರೂ ಅರ್ಧಾಣೆ. ಮೈಸೂರು ಸಂಸ್ಥಾನದ ಸ್ವಂತ ಅಂಚೆ 1889ರಲ್ಲಿ ಅದರೊಂದಿಗೆ ಸೇರಿತು. ಅದಕ್ಕೂ ಹತ್ತು ವರ್ಷ ಮೊದಲು, 1879ರಲ್ಲಿ, ಕಾಲಾಣೆಯ ಕಾರ್ಡು ಬಂದಿತ್ತು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮ ಹಿರಿಯರು ಊರಿಗೆ ಬರೆದ ಕಾರ್ಡುಗಳನ್ನು ಯಾರಾದರೂ ಉಳಿಸಿಕೊಂಡಿದ್ದರೆ ತೆಗೆದು ನೋಡಿ. ಸಾಲುಗಳು ಮುಗಿದ ಮೇಲೆ ಅಂಚಿನಲ್ಲಿ ಅಡ್ಡಕ್ಕೆ, ವಿಳಾಸದ ಪಕ್ಕದಲ್ಲಿ ಉದ್ದಕ್ಕೆ, ಕೊನೆಗೆ ತಲೆಕೆಳಗಾಗಿ 'ಅಜ್ಜಿಗೆ ನಮಸ್ಕಾರ' ಎಂದು ಬರೆದಿರುತ್ತದೆ. ಎರಡನೇ ಕಾರ್ಡು ಕೊಳ್ಳದೆ ಒಂದರಲ್ಲೇ ಎಲ್ಲ ತುರುಕುವ ಆ ಕೈ, 1839ರಲ್ಲಿ ಬರೆದ ಹಾಳೆಯ ಮೇಲೆಯೇ ತಿರುಗಿಸಿ ಬರೆಯುತ್ತಿದ್ದ ಇಂಗ್ಲೆಂಡಿನವರ ಕೈಯೇ.